ಲೇಖನದ ಬಾಲಕ್ಕೆ ಅಂಟುವ ‘ಬೇಕಿದೆ’

ಪ್ರಶ್ನೆ: ನಾನು ಆಲೂರು ಕಡೆಯವಳು. ಹಾಸನದ ಒಂದು ವಾರಪತ್ರಿಕೆಗೆ ಕೃಷಿ ಲೇಖನಗಳನ್ನು ಬರೆಯುತ್ತೇನೆ. ಬಿತ್ತನೆ ಆಲೂಗಡ್ಡೆ ಮಾರಾಟದ ಬಗ್ಗೆ ಬರೆದ ಲೇಖನದ ಕೊನೆಯ ಪ್ಯಾರಾವನ್ನು ಸಂಪಾದಕರು ತೆಗೆದುಹಾಕಿ, ‘ನಿಮ್ಮ ಎಲ್ಲ ಲೇಖನಗಳೂ ಹೀಗೆಯೇ ಮುಗಿಯುತ್ತವೆ’ ಎಂದರು. ಹಳೆಯದನ್ನೆಲ್ಲ ತೆಗೆದು ನೋಡಿದೆ, ನಿಜ. ಒಂದೋ ಭರವಸೆಯ ಮಾತು, ಇಲ್ಲವೇ ಓದುಗರಿಗೊಂದು ಪ್ರಶ್ನೆ. ಆದರೆ ಅದಿಲ್ಲದಿದ್ದರೆ ಬರಹ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಲೇಖನವನ್ನು ಜೊತೆಗಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ಸಂಪಾದಕರು ತೆಗೆದ ಪ್ಯಾರಾವನ್ನು ಮೊದಲು ಇಲ್ಲಿ ಇಡುತ್ತೇನೆ. ಉಳಿದ ಓದುಗರಿಗೂ ಅದರ ರುಚಿ ಗೊತ್ತಾಗಲಿ.

‘ಇಷ್ಟೆಲ್ಲ ಸಂಕಷ್ಟಗಳ ನಡುವೆಯೂ ಹಾಸನದ ರೈತ ಭರವಸೆ ಕಳೆದುಕೊಂಡಿಲ್ಲ. ಮಣ್ಣನ್ನು ನಂಬಿದವನನ್ನು ಮಣ್ಣು ಎಂದೂ ಕೈಬಿಡುವುದಿಲ್ಲ. ಆದರೆ ಅವನ ಗೋಳು ಕೇಳುವವರು ಯಾರು? ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳುವರೇ? ಕಾದು ನೋಡಬೇಕಿದೆ.’

ಈ ಐದು ವಾಕ್ಯಗಳನ್ನು ಹಾಗೆಯೇ ಎತ್ತಿ ಮೂಡಿಗೆರೆಯ ಕಾಳುಮೆಣಸಿನ ಲೇಖನಕ್ಕೆ ಅಂಟಿಸಿ ನೋಡಿ. ‘ಹಾಸನ’ ಎಂಬ ಒಂದು ಪದವನ್ನು ಬದಲಿಸಿದರೆ ಸಾಕು. ಕಡೂರಿನ ತೆಂಗಿಗೂ ಅರಸೀಕೆರೆಯ ರಾಗಿಗೂ ಅದು ಹೊಂದುತ್ತದೆ. ಎಲ್ಲ ಬೆಳೆಗೂ ಹೊಂದುವ ಪ್ಯಾರಾ ನಿಮ್ಮ ಆಲೂಗಡ್ಡೆಯದಲ್ಲ ಎಂದೇ ಸಂಪಾದಕರು ಕತ್ತರಿ ಹಾಕಿದ್ದು. ಅವರು ಮಾಡಿದ್ದು ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ಸರಿಯಲ್ಲ. ಬಾಲ ಕತ್ತರಿಸಿದ ಮೇಲೆ ನಿಮಗೆ ಕಂಡ ಕೊರತೆ ನಿಜವಾದದ್ದು, ಅದಕ್ಕೆ ಕಾರಣ ಲೇಖನದ ನಡುಭಾಗದಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಈ ಚಾಳಿ ನಿಮ್ಮೊಬ್ಬರದಲ್ಲ. ನಮ್ಮ ಶಾಲೆಗಳಲ್ಲಿ ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗಗಳನ್ನು ಕಲಿಸುತ್ತಾರೆ, ಉಪಸಂಹಾರ ಇಲ್ಲದಿದ್ದರೆ ಅಂಕ ಕಡಿಮೆಯಾಗುತ್ತದೆ. ‘ಹಬ್ಬಗಳ ಮಹತ್ವ’ದ ಬಗ್ಗೆ ಬರೆಯುವ ಹುಡುಗಿಯ ಬಳಿ ಹೊಸ ಸಂಗತಿ ಏನೂ ಇರುವುದಿಲ್ಲವಾದ್ದರಿಂದ ಒಂದು ಸದಾಶಯದಿಂದ ಮುಗಿಸುವುದು ಅವಳಿಗೆ ಅನಿವಾರ್ಯ. ನೀವು ಮಾರುಕಟ್ಟೆ ಪ್ರಾಂಗಣದಲ್ಲಿ ಬೆಳಗಿನಿಂದ ನಿಂತು ಸಂಗತಿಗಳನ್ನು ತಂದವರು. ನಿಮಗೆ ಆ ಅನಿವಾರ್ಯ ಇಲ್ಲ. ವೇದಿಕೆಯ ಭಾಷಣಗಳೂ ಇದಕ್ಕೆ ನೀರೆರೆದಿವೆ. ಮಾತು ಮುಗಿಯಿತೆಂದು ಚಪ್ಪಾಳೆಗೆ ಸೂಚನೆ ಕೊಡುವುದು ಭಾಷಣಕಾರನಿಗೆ ಬೇಕು. ಅಚ್ಚಿನ ಪುಟದಲ್ಲಿ ಕೊನೆಯ ಸಾಲಿನ ಕೆಳಗೆ ಖಾಲಿ ಜಾಗವೇ ಕಾಣುತ್ತದೆ, ಸೂಚನೆ ಬೇಡ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಕೂರುತ್ತದೆ, ಹಾಗಾಗಿ ಲೇಖನದ ಕಟ್ಟಕಡೆಯ ಪದವೇ ಹೆಚ್ಚು ಸಲ ಕ್ರಿಯಾಪದ. ನಿಮ್ಮ ಹಳೆಯ ಲೇಖನಗಳ ಕೊನೆಯ ವಾಕ್ಯಗಳನ್ನಷ್ಟೇ ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಆ ಕೊನೆಯ ಪದಗಳ ಮೇಲೆ ಕಣ್ಣಾಡಿಸಿ. ‘ಆಗಬೇಕಿದೆ’, ‘ಆಗಲಿ’, ‘ಮಾಡೋಣ’, ‘ಎಚ್ಚೆತ್ತುಕೊಳ್ಳುವರೇ’ ಎಂಬಂಥ ರೂಪಗಳೇ ಸಾಲುಗಟ್ಟಿದ್ದರೆ ನೀವು ವರದಿ ಮಾಡುವುದನ್ನು ನಿಲ್ಲಿಸಿ ಉಪದೇಶಕ್ಕೋ ಹಾರೈಕೆಗೋ ಜಾರಿದ್ದೀರಿ ಎಂದು ಅರ್ಥ. ‘ತಂದಿದ್ದಾರೆ’, ‘ಸಿಗುವುದಿಲ್ಲ’, ‘ಕೊಳೆಯುತ್ತದೆ’ ಎಂದು ಮುಗಿಯುವ ವಾಕ್ಯದಲ್ಲಿ ಸಾಮಾನ್ಯವಾಗಿ ಒಂದು ಸಂಗತಿ ಇರುತ್ತದೆ. ಇದು ಪೂರ್ಣ ಪರೀಕ್ಷೆಯಲ್ಲ. ‘ಮಣ್ಣು ಕೈಬಿಡುವುದಿಲ್ಲ’ ಎಂಬುದೂ ನಿಶ್ಚಯರೂಪದ ಕ್ರಿಯಾಪದವೇ, ಆದರೂ ಅದು ಸಂಗತಿಯಲ್ಲ. ಅಂಗಮಾರಿ ರೋಗ ಬಂದ ವರ್ಷ ಇದೇ ಮಣ್ಣು ಎಷ್ಟೋ ರೈತರನ್ನು ಕೈಬಿಟ್ಟಿದೆ. ನಿಮ್ಮ ಲೇಖನದ ನಾಲ್ಕನೆಯ ಪ್ಯಾರಾ ಹೇಳುವುದೇ ಅದನ್ನು. ಸಮಾಧಾನದ ಮುಕ್ತಾಯದ ದೊಡ್ಡ ತೊಂದರೆ ಇಲ್ಲಿದೆ. ಸವಕಲಾಗಿರುವುದನ್ನು ಹೇಗೋ ಸಹಿಸಬಹುದು. ಆದರೆ ನೀವೇ ಮೇಲೆ ಬರೆದದ್ದನ್ನು ಅದು ಸುಳ್ಳು ಮಾಡುತ್ತದೆ.

ಈಗ ಪ್ರಶ್ನೆಗಳ ವಿಚಾರ. ‘ಗೋಳು ಕೇಳುವವರು ಯಾರು?’ ಎಂಬುದಕ್ಕೆ ಓದುಗ ಏನು ಉತ್ತರ ಕೊಡಬೇಕು? ಅವನ ಬಳಿ ಉತ್ತರವಿಲ್ಲ, ನಿಮಗೂ ಅದು ಬೇಕಿರಲಿಲ್ಲ. ಆದರೆ ಇಂಥ ಪ್ರಶ್ನೆಯ ಅಡಿಯಲ್ಲಿ ಹೆಚ್ಚಿನ ಸಲ ಒಂದು ನಿಜವಾದ ಪ್ರಶ್ನೆ ಹೂತಿರುತ್ತದೆ, ಅದನ್ನು ಕೇಳಬೇಕಾದದ್ದು ಓದುಗನನ್ನಲ್ಲ. ನಿಮ್ಮ ಮೂರನೆಯ ಪ್ಯಾರಾದಲ್ಲಿ ಒಬ್ಬ ರೈತರು ಜಲಂಧರ್‌ನಿಂದ ಬಂದ ಮೂಟೆಯನ್ನು ತೋರಿಸಿ ‘ಇದು ಬಿತ್ತನೆಯದ್ದೋ ತಿನ್ನುವ ಗಡ್ಡೆಯೋ ಹೇಗೆ ತಿಳಿಯುವುದು’ ಎನ್ನುತ್ತಾರೆ. ನೀವು ಅದನ್ನು ಬರೆದು ಮುಂದೆ ಹೋಗಿಬಿಟ್ಟಿರಿ. ಕೊನೆಯಲ್ಲಿ ಅದೇ ಸಂಕಟ ‘ಕೇಳುವವರು ಯಾರು’ ಎಂದು ಆವಿಯಾಗಿ ಹೊರಬಂದಿದೆ. ಪ್ರಾಂಗಣದಲ್ಲೇ ತೋಟಗಾರಿಕೆ ಇಲಾಖೆಯವರನ್ನು ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಬಿತ್ತನೆಯ ದೃಢೀಕರಣ ನಡೆಯುವುದು ಮುಖ್ಯವಾಗಿ ಬೆಳೆ ಹೊಲದಲ್ಲಿ ನಿಂತಿರುವಾಗ ಮಾಡುವ ತಪಾಸಣೆಯಿಂದ. ಮೂಟೆಗೆ ಬಂದ ಗಡ್ಡೆಯನ್ನು ಕಣ್ಣಿನಲ್ಲಿ ನೋಡಿ ಅದು ನಂಜುರೋಗದಿಂದ ಮುಕ್ತವೆಂದು ಹೇಳಲಾಗದು. ಅಂಗಮಾರಿಯ ಸೋಂಕು ಸಹ ಚೆನ್ನಾಗಿ ಕಾಣುವ ಗಡ್ಡೆಯೊಳಗೆ ಅಡಗಿರಬಹುದು. ಆದ್ದರಿಂದ ಮೂಟೆಯ ಮೇಲೆ ದೃಢೀಕರಣದ ಚೀಟಿ ಇಲ್ಲದಿದ್ದರೆ ರೈತನಿಗೆ ವ್ಯಾಪಾರಿಯ ಮಾತೊಂದೇ ಆಧಾರ. ಇದಿಷ್ಟನ್ನು ಮೂರನೆಯ ಪ್ಯಾರಾದಲ್ಲೇ ಬರೆದರೆ ಕೊನೆಯ ಎರಡು ಪ್ರಶ್ನೆಗಳಿಗೆ ಕೆಲಸವೇ ಉಳಿಯುವುದಿಲ್ಲ.

ಉತ್ತರವೇ ಸಿಗದ ಪ್ರಶ್ನೆಗಳೂ ಇರುತ್ತವೆ ಎನ್ನುತ್ತೀರಿ. ಇರುತ್ತವೆ. ಆಗ ಯಾರು ಉತ್ತರಿಸಬೇಕಿತ್ತು, ಏಕೆ ಉತ್ತರಿಸಲಿಲ್ಲ, ಯಾವಾಗ ತೀರ್ಮಾನವಾಗುತ್ತದೆ ಎಂಬುದನ್ನು ಬರೆಯಿರಿ. ‘ಕಾದು ನೋಡಬೇಕಿದೆ’ ಎಂಬುದರ ಬದಲು ಎಲ್ಲಿಯವರೆಗೆ ಕಾಯಬೇಕು ಎಂದು ಹೇಳಿದರೆ ಅದೇ ಸುದ್ದಿ.

ಈಗ ಅರ್ಧಕ್ಕೆ ನಿಂತಂತೆ ಕಾಣುವ ಸಮಸ್ಯೆಗೆ ಬರೋಣ. ನಿಮ್ಮ ಲೇಖನದ ಕ್ರಮ ಹೀಗಿದೆ: ಪ್ರಾಂಗಣಕ್ಕೆ ಲಾರಿಗಳು ಬಂದವು, ದರ ಇಷ್ಟಿತ್ತು, ರೈತರೊಬ್ಬರು ಮಾತಾಡಿದರು, ಕಳೆದ ಮುಂಗಾರಿನಲ್ಲಿ ಅಂಗಮಾರಿ ಬಂದಿತ್ತು, ಬಿತ್ತನೆ ಗಡ್ಡೆಯ ಬದಲು ನೆಡಲು ಆಲೂಗಡ್ಡೆ ಗಿಡದ ತುದಿಕುಡಿಯಿಂದ ಬೆಳೆಸಿದ ಸಸಿಗಳೂ ಈಗ ಬಂದಿವೆ. ಕೊನೆಯ ಪ್ಯಾರಾ ತೆಗೆದರೆ ಲೇಖನ ಆ ಸಸಿಗಳ ಪರಿಚಯದಲ್ಲಿ ನಿಲ್ಲುತ್ತದೆ. ಹೊಸ ವಿಷಯವೊಂದು ಆಗತಾನೇ ಶುರುವಾಗಿರುತ್ತದೆ, ಆದ್ದರಿಂದಲೇ ಓದುಗನ ಕಾಲು ಗಾಳಿಯಲ್ಲಿ ಉಳಿಯುತ್ತದೆ. ಅದನ್ನು ಮುಚ್ಚಲು ನೀವು ಭರವಸೆಯ ಮಾತು ತಂದಿರಿ.

ನಿಮ್ಮ ಲೇಖನ ಎತ್ತುವ ವಿಷಯ ಒಂದೇ: ಮೇ ತಿಂಗಳಲ್ಲಿ ಗಿಜಿಗುಡುತ್ತಿದ್ದ ಪ್ರಾಂಗಣದಲ್ಲಿ ಜನ ಏಕೆ ಕಡಿಮೆಯಾದರು. ಅದಕ್ಕೆ ಉತ್ತರ ಆ ರೈತರ ಮಾತಿನ ನಡುವೆ, ಯಾರ ಕಣ್ಣಿಗೂ ಬೀಳದಂತೆ ಕೂತಿದೆ. ಮೊದಲು ಎರಡು ಎಕರೆಗೂ ಬಿತ್ತನೆ ಒಯ್ಯುತ್ತಿದ್ದ ಅವರು ಈ ಸಲ ಅರ್ಧ ಎಕರೆಗಷ್ಟೇ ಕೊಂಡಿದ್ದಾರೆ. ಆ ವಾಕ್ಯವನ್ನು ಅಲ್ಲಿಂದ ಎತ್ತಿ ಕೊನೆಗೆ ತನ್ನಿ. ಸಸಿಗಳ ಭಾಗವನ್ನು ಅದಕ್ಕೂ ಮೊದಲು ಮುಗಿಸಿ. ಅಂಗಮಾರಿಯ ಪ್ಯಾರಾದಲ್ಲಿ ನೀವು ಬರೆದ ವಿವರಗಳೇ ಈ ಕೊನೆಯನ್ನು ಹೊರುತ್ತವೆ: ಬಿತ್ತಿದ ಒಂದೂವರೆ ತಿಂಗಳಿಗೆ ಜಿಟಿಜಿಟಿ ಮಳೆ ಹಿಡಿದದ್ದು, ಎಲೆಯ ಮೇಲೆ ನೀರು ತಾಗಿದಂಥ ಚುಕ್ಕೆ, ಎಲೆಯ ಅಡಿಯಲ್ಲಿ ಬಿಳಿಯ ಬೂಷ್ಟು, ಮಳೆ ಬಿಡದೆ ಔಷಧಿ ಹೊಡೆಯಲಾಗದೆ ಕೆಲವೇ ದಿನಗಳಲ್ಲಿ ಹೊಲ ಕಪ್ಪಾದದ್ದು. ಇದನ್ನು ಓದಿದವನಿಗೆ ಅರ್ಧ ಎಕರೆಯ ಲೆಕ್ಕ ಏಕೆಂದು ಯಾರೂ ವಿವರಿಸಬೇಕಿಲ್ಲ. ಎಕರೆಗೆ 6ರಿಂದ 8 ಕ್ವಿಂಟಲ್ ಬಿತ್ತನೆ ಬೇಕು ಎಂಬುದನ್ನು ಎರಡನೆಯ ಪ್ಯಾರಾದಲ್ಲಿ, ದರದ ಪಕ್ಕದಲ್ಲೇ ಹೇಳಿಬಿಡಿ. ಆಗ ನಿಮ್ಮ ಮುಕ್ತಾಯ ಹೀಗಾಗಬಹುದು:

‘ಕಳೆದ ವರ್ಷದವರೆಗೆ ಎರಡು ಎಕರೆಗೆ ಬಿತ್ತನೆ ಒಯ್ಯುತ್ತಿದ್ದ ಅವರು ಈ ಬಾರಿ ನಾಲ್ಕು ಕ್ವಿಂಟಲ್ ತೂಗಿಸಿದರು. ಅದು ಅರ್ಧ ಎಕರೆಗೆ ಆಗುತ್ತದೆ. ಉಳಿದ ಒಂದೂವರೆ ಎಕರೆಗೆ ಮುಸುಕಿನ ಜೋಳದ ಬೀಜವನ್ನು ಆಗಲೇ ತಂದಿಟ್ಟಿದ್ದಾರೆ.’

ಇಲ್ಲಿ ಭರವಸೆಯೂ ಇಲ್ಲ, ನಿರಾಶೆಯೂ ಇಲ್ಲ. ಒಬ್ಬ ರೈತ ತೆಗೆದುಕೊಂಡ ತೀರ್ಮಾನ ಇದೆ, ಲೇಖನ ಕೇಳಿದ್ದಕ್ಕೆ ಉತ್ತರ ಇದೆ. ಉತ್ತರವನ್ನು ನಡುವೆ ಚೆಲ್ಲಿಕೊಂಡದ್ದೇ ನಿಮಗೆ ಕೊನೆಯಲ್ಲಿ ಕಂಡ ಕೊರತೆಗೆ ಕಾರಣ. ಮುಂದಿನ ಸಲ ಬರೆಯಲು ಕೂರುವ ಮೊದಲೇ ಟಿಪ್ಪಣಿ ಪುಸ್ತಕದಲ್ಲಿ ಇಂಥ ಒಂದು ಸಂಗತಿಗೆ ಗುರುತು ಹಾಕಿಕೊಳ್ಳಿ, ಅದನ್ನು ಮೇಲಿನ ಪ್ಯಾರಾಗಳಲ್ಲಿ ಖರ್ಚು ಮಾಡಬೇಡಿ.

ಎರಡು ಅಡ್ಡದಾರಿಗಳಿವೆ, ಉಪದೇಶ ಬಿಟ್ಟವರು ಅಲ್ಲಿಗೇ ಹೋಗುವುದನ್ನು ಕಂಡಿದ್ದೇನೆ. ಒಂದು, ಅದೇ ಸಮಾಧಾನವನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸುವುದು: ‘ಭೂಮಿತಾಯಿ ಕೈಬಿಡುವುದಿಲ್ಲ ಎನ್ನುತ್ತಾರೆ ಹಿರಿಯ ರೈತರೊಬ್ಬರು.’ ಉದ್ಧರಣ ಚಿಹ್ನೆ ಹಾಕಿದ ಮಾತ್ರಕ್ಕೆ ಅದು ಸಂಗತಿಯಾಗುವುದಿಲ್ಲ. ಇನ್ನೊಂದು, ಸೂರ್ಯನನ್ನು ಬೆಟ್ಟದ ಹಿಂದೆ ಮುಳುಗಿಸಿ, ಖಾಲಿ ಗಾಡಿಯೊಂದನ್ನು ಮನೆಯ ದಾರಿ ಹಿಡಿಸುವುದು. ನೋಡಲು ಸೊಗಸು, ಆದರೆ ಅದೂ ಎಲ್ಲ ಬೆಳೆಗೂ ಹೊಂದುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿನಾಯಿತಿ. ಅಗ್ರಲೇಖನ ಬರೆಯುವವರು ಕೊನೆಯಲ್ಲಿ ‘ಬೇಕು’ ಎನ್ನಬಹುದು, ಒತ್ತಾಯಿಸುವುದೇ ಅದರ ಕೆಲಸ. ಆದರೂ ಯಾರು, ಏನನ್ನು, ಯಾವಾಗ ಮಾಡಬೇಕು ಎಂಬುದು ಅಲ್ಲಿರಬೇಕು. ರೈತರಿಗೆ ನೇರ ಸಲಹೆ ಕೊಡುವ ಲೇಖನವೂ ಹಾಗೆಯೇ. ‘ಕತ್ತರಿಸಿದ ಬಿತ್ತನೆ ಹೋಳುಗಳನ್ನು ನೆರಳಿನಲ್ಲಿ ಒಣಗಿಸಿಯೇ ನಾಟಿ ಮಾಡಿ’ ಎಂದು ಮುಗಿದರೆ ಅದು ಹಾರೈಕೆಯಲ್ಲ, ಕೊನೆಯ ಹಂತ. ಅಂಥ ಬರಹಕ್ಕೆ ಬೇರೆ ಮುಕ್ತಾಯವೇ ಬೇಡ. ದಿನಪತ್ರಿಕೆಯ ಸುದ್ದಿಗಂತೂ ಮೊದಲಿನಿಂದಲೂ ಬೇಡ. ಜಾಗ ಸಾಲದಿದ್ದರೆ ಉಪಸಂಪಾದಕರು ಕೆಳಗಿನಿಂದಲೇ ಕತ್ತರಿಸುತ್ತಾರೆ.

ಕೆಲವು ಪತ್ರಿಕೆಗಳು ಕೃಷಿ ಪುಟಕ್ಕೆ ಆಶಾದಾಯಕ ಅಂಶ ಇರಲೇಬೇಕೆಂದು ಕೇಳುತ್ತವೆ. ನಿಮ್ಮ ಸಂಪಾದಕರು ಮುಂದೆ ಹಾಗೆ ಕೇಳಿದರೆ ತುದಿಕುಡಿ ಸಸಿಗಳ ಭಾಗವನ್ನು ಲೇಖನದಿಂದ ಬಿಡಿಸಿ, ಪಕ್ಕದಲ್ಲಿ ಒಂದು ಚೌಕ ಮಾಡಿ ಕೊಡಿ. ಸಸಿ ಯಾವ ತಿಂಗಳಲ್ಲಿ ಸಿಗುತ್ತದೆ, ಎಕರೆಗೆ ಎಷ್ಟು ಬೇಕು, ಬೆಲೆ ಎಷ್ಟು, ಅದರಿಂದ ಬಂದ ಗಡ್ಡೆಯನ್ನು ಎಷ್ಟು ಬೆಳೆಯವರೆಗೆ ಬಿತ್ತನೆಗೆ ಇಟ್ಟುಕೊಳ್ಳಬಹುದು ಎಂಬ ನಾಲ್ಕು ಮಾಹಿತಿ ಅದರಲ್ಲಿರಲಿ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಬಿತ್ತನೆ ಮಾರಾಟ ಶುರುವಾಗುವ ಮೊದಲೇ ಹೋಗಿ.