‘ಬರ್ತೇನೆ’ ಎನ್ನಲು ಬಾರದವಳು

ಆಪ್ತಸಲಹೆಗಾರ್ತಿಯಾದ ನನ್ನಲ್ಲಿ ಹೆಚ್ಚುಕಡಿಮೆ ಒಂದೇ ತೊಂದರೆಯನ್ನು ಹೇಳಿಕೊಂಡು ಬರುವವರು ಹೆಚ್ಚುತ್ತಿದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದವರು, ಶಿರಸಿಯಲ್ಲೋ ಕುಮಟಾದಲ್ಲೋ ಸ್ವಂತ ಕಚೇರಿ ತೆರೆದವರು. ಕೆಲಸದಲ್ಲಿ ಪಳಗಿದವರೇ, ಆದರೆ ಹತ್ತು ಜನ ಗುರುತಿಲ್ಲದವರು ಸೇರಿದಲ್ಲಿ ಕಾಲೂರಿ ನಿಲ್ಲಲಾರರು. ಅಂಥ ಒಬ್ಬಾಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಆಕೆಗೆ 29 ವರ್ಷ. ಶಿರಸಿ ಹತ್ತಿರದ ತೋಟದ ಮನೆಯವಳು, ತೆರಿಗೆ ಸಲಹೆಗಾರ್ತಿ. ಬಂದ ಕಕ್ಷಿದಾರರೆಲ್ಲ ಅಪ್ಪನ ಪರಿಚಯದವರು. ಆ ಬಾವಿಯ ನೀರು ಎಷ್ಟು ದಿನ ಎಂದು ಗೆಳತಿಯೊಬ್ಬಳು ಒತ್ತಾಯಿಸಿ ಕಾರವಾರದಲ್ಲಿ ನಡೆದ ಉದ್ಯಮಿಗಳ ಸ್ನೇಹಕೂಟವೊಂದಕ್ಕೆ ಕಳಿಸಿದಳು. ಎರಡು ತಾಸಿನ ಕೂಟ. ಮೊದಲ ಅರ್ಧ ತಾಸು ಆಕೆ ಗೋಡೆಗೆ ಒರಗಿ ಮೊಬೈಲ್ ನೋಡಿದಳು. ಆಮೇಲೆ ವಿಮೆ ಮಾರುವವರೊಬ್ಬರು ತಾವಾಗಿ ಬಂದು ಮಾತಾಡಿಸಿದರು, ಐವತ್ತು ನಿಮಿಷ ಬಿಡಲಿಲ್ಲ. ಕೊನೆಗೆ ಫೋನ್ ಬಂದಂತೆ ನಟಿಸಿ ಕಿವಿಗಿಟ್ಟುಕೊಂಡು ಹೊರಗೆ ಹೋದಳು. ಐದು ನಿಮಿಷ ಬಿಟ್ಟು ಒಳಗೆ ಬಂದರೆ ಚಹಾದ ಮೇಜಿನ ಬಳಿ ಅವರೇ ಎದುರಾಗಿ, “ಅರ್ಜೆಂಟ್ ಕಾಲ್ ಮುಗೀತಾ?” ಎಂದು ಕೇಳಿದರು. ಕೇಳಿದ್ದು ಸಹಜವಾಗಿಯೇ ಇರಬೇಕು. ಆಕೆ ಮಾತ್ರ ಚೀಲ ಎತ್ತಿಕೊಂಡು ನೇರ ಬಸ್ ನಿಲ್ದಾಣಕ್ಕೆ ಹೋದಳು.

ಮೊದಲ ಭೇಟಿಯಲ್ಲಿ ನಾನು ನೋಡಿದ್ದು ಇದು ಕಾಯಿಲೆಯೋ, ನಾಚಿಕೆಯೋ ಎಂದು. ಕಕ್ಷಿದಾರರ ಎದುರು ಕೂತು ಮಾತಾಡುತ್ತಾಳೆ, ಫೋನ್ ಎತ್ತುತ್ತಾಳೆ, ಮದುವೆಮನೆಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ, ತೆರಿಗೆ ಕಚೇರಿಯಲ್ಲಿ ಅಧಿಕಾರಿಯೊಂದಿಗೆ ವಾದವನ್ನೂ ಮಾಡುತ್ತಾಳೆ. ಇವೆಲ್ಲವನ್ನೂ ಆರು ತಿಂಗಳಿಗೂ ಮೀರಿ ತಪ್ಪಿಸಿಕೊಳ್ಳುತ್ತಿದ್ದರೆ, ಅದರಿಂದ ಸಂಪಾದನೆಗೋ ಸಂಸಾರಕ್ಕೋ ಪೆಟ್ಟು ಬೀಳುತ್ತಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಅದರ ಅಗತ್ಯ ಕಾಣಲಿಲ್ಲ.

ಎರಡನೇ ಭೇಟಿಯಲ್ಲಿ ನಾನೇ ದಾರಿ ತಪ್ಪಿದೆ. ಮಾತು ಆರಂಭಿಸುವ ವಾಕ್ಯಗಳನ್ನು ಕಲಿಸಲು ಕೂತೆ. ಆಕೆ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಬರೆದುಕೊಂಡಳು. ಮರುವಾರ ಒಂದನ್ನೂ ಬಳಸದೆ ಬಂದಳು.

ಏಕೆ ಎಂದು ಕೇಳಿದಾಗ ಆಕೆ ಹೇಳಿದ ಮಾತು ಪ್ರಕರಣವನ್ನು ತಿರುಗಿಸಿತು. “ಮೇಡಂ, ಶುರು ಮಾಡೋದು ಅಷ್ಟು ಕಷ್ಟ ಅಲ್ಲ. ಶುರು ಮಾಡಿದ್ರೆ ಮುಗಿಸೋದು ಹೇಗೆ ಅಂತ ಗೊತ್ತಿಲ್ಲ. ಬಾಗಿಲು ಎಲ್ಲಿದೆ ಅಂತ ಗೊತ್ತಿಲ್ಲದ ಮನೆ ಒಳಗೆ ಯಾರು ಹೋಗ್ತಾರೆ?”

ನಾನು ನೋಟ್‌ಬುಕ್ ಮುಚ್ಚಿಸಿದೆ. “ನಿಮ್ಮ ಮನೆಗೆ ಬಂದವರು ಎದ್ದು ಹೋಗೋದು ಹೇಗೆ? ಮಾಡಿ ತೋರಿಸಿ” ಎಂದೆ. ಆಕೆ ನಕ್ಕಳು, ಆಮೇಲೆ ಕುರ್ಚಿಯನ್ನೇ ಜಗಲಿ ಮಾಡಿಕೊಂಡು ಪಕ್ಕದೂರಿನ ಅಜ್ಜನೊಬ್ಬರನ್ನು ಹಾಗೇ ಇಳಿಸಿಬಿಟ್ಟಳು. ಕವಳದ ತಟ್ಟೆಯನ್ನು ಸ್ವಲ್ಪ ಆಚೆ ಸರಿಸುವುದು. ತೊಡೆಯ ಮೇಲೆ ಎರಡು ಕೈ ಊರಿ “ಹಂಗಾರೆ...” ಎಂದು ಎಳೆಯುವುದು. ಅಂಗಳದ ಕಡೆ ನೋಡಿ “ಮಳೆ ಬಪ್ಪಂಗೆ ಕಾಣ್ತು” ಅನ್ನುವುದು. ಅಮ್ಮ ಒಳಗಿನಿಂದ “ಊಟ ಮಾಡ್ಕ್ಯಂಡೇ ಹೋಗಲಾಗಿತ್ತು” ಎನ್ನುವುದು, ಅಜ್ಜ “ಇನ್ನೊಂದಿನ ಬತ್ತಿ” ಎನ್ನುತ್ತ ಶಲ್ಯ ಹೆಗಲಿಗೇರಿಸುವುದು. ಮೆಟ್ಟಿಲಿಳಿದ ಮೇಲೆ ದಣಪೆಯ ಹತ್ತಿರ ಮತ್ತೆ ನಿಂತು ಕೊಳೆರೋಗದ ಬಗ್ಗೆ ಎರಡು ಮಾತು.

ಅಲ್ಲಿ ಒಬ್ಬರಿಗೂ ಬೇಸರವಾಗಲಿಲ್ಲ. ಯಾರೂ ಸುಳ್ಳು ಫೋನ್ ಎತ್ತಲಿಲ್ಲ.

ಶೆಗ್ಲಾಫ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ಅಮೆರಿಕದ ಸಮಾಜವಿಜ್ಞಾನಿಗಳು 1973ರಲ್ಲಿ ಇದನ್ನೇ ದೂರವಾಣಿ ಸಂಭಾಷಣೆಗಳ ಧ್ವನಿಮುದ್ರಣ ಇಟ್ಟುಕೊಂಡು ವಿವರಿಸಿದ್ದಾರೆ. ಮಾತು ಒಮ್ಮೆಲೇ ನಿಲ್ಲುವುದಿಲ್ಲ. ಮೊದಲು ಒಬ್ಬರು ‘ಸರಿ’, ‘ಹಾಗಾದರೆ’ ಎಂಬಂಥ ಖಾಲಿ ಮಾತೊಂದನ್ನು ಇಡುತ್ತಾರೆ. ಅದಕ್ಕೆ ವಿಷಯವಿಲ್ಲ, ‘ನನ್ನದು ಮುಗಿಯಿತು, ನಿಮ್ಮದೇನಾದರೂ ಉಳಿದಿದೆಯೇ’ ಎಂಬ ಸೂಚನೆ ಮಾತ್ರ. ಎದುರಿನವರೂ ‘ಸರಿ’ ಎಂದರೆ ಆಗ ವಿದಾಯ. ಅಜ್ಜನ ‘ಹಂಗಾರೆ’ ಅದೇ. ನಮ್ಮಾಕೆ ಕಾರವಾರದಲ್ಲಿ ಐವತ್ತು ನಿಮಿಷ ಕಾದದ್ದು, ಎದುರಿನವರು ಮಾತು ನಿಲ್ಲಿಸಲಿ ಎಂದು. ತಾನು ಸೂಚನೆಯನ್ನೇ ಕೊಟ್ಟಿರಲಿಲ್ಲ. ಬದಲಿಗೆ ಹೂಂಗುಟ್ಟುತ್ತಿದ್ದಳು. ಹೂಂ ಎಂದರೆ ನಮ್ಮಲ್ಲಿ ಮುಂದುವರಿಸಿ ಎಂದೇ ಅರ್ಥ.

ಆ ವಿಮೆಯವರಿಗೂ ಸಾಕಾಗಿತ್ತೋ ಏನೋ. ಅಮೆರಿಕದ ಸಂಶೋಧಕರ ತಂಡವೊಂದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರೂ ಬಯಸಿದ ಹೊತ್ತಿಗೇ ಮುಗಿದ ಮಾತುಕತೆ ನೂರಕ್ಕೆ ಎರಡರಷ್ಟು ಮಾತ್ರ. ಕೆಲವರಿಗೆ ಬೇಗ ಮುಗಿಯಬೇಕಿತ್ತು, ಕೆಲವರಿಗೆ ಇನ್ನೂ ಬೇಕಿತ್ತು, ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಇಬ್ಬರೂ ತಪ್ಪಾಗಿಯೇ ಊಹಿಸಿದ್ದರು. ಇದನ್ನು ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, “ಪಾಪ, ಅವರಿಗೂ ಚಹಾ ಬೇಕಿತ್ತೇನೋ” ಎಂದಳು.

ಹಾಗಾಗಿ ಕ್ರಮವನ್ನು ತಲೆಕೆಳಗು ಮಾಡಿದೆವು. ಮೊದಲು ಹೊರಡುವ ಅಭ್ಯಾಸ, ಆಮೇಲೆ ಆರಂಭ. ಜಗಲಿಯ ಇಪ್ಪತ್ತು ನಿಮಿಷದ ಬೀಳ್ಕೊಡುಗೆಯನ್ನು ಸಭಾಂಗಣಕ್ಕೆ ಇಪ್ಪತ್ತು ಸೆಕೆಂಡಿಗೆ ಇಳಿಸಬೇಕು, ಅಷ್ಟೇ. ಎದುರಿನವರ ವಾಕ್ಯ ಮುಗಿಯುವವರೆಗೆ ಕಾಯುವುದು, ಅವರು ಹೇಳಿದ್ದರಲ್ಲಿ ಒಂದು ಸಂಗತಿಯನ್ನು ಅವರಿಗೇ ತಿರುಗಿ ಹೇಳುವುದು, ಹೊರಡುವ ಕಾರಣ, ಆಮೇಲೆ ‘ಬರ್ತೇನೆ’. “ಹಾಗಾದ್ರೆ, ನಿಮ್ಮ ಕೋಕಂ ಘಟಕದ ಪರವಾನಗಿ ವಿಷಯ ನೆನಪಿಟ್ಟುಕೊಳ್ತೇನೆ. ಇನ್ನೂ ಇಬ್ಬರನ್ನು ಮಾತಾಡಿಸಬೇಕು ಅಂತಿದ್ದೇನೆ, ಬರ್ತೇನೆ.” ಹೇಳುತ್ತಿರುವಾಗಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಬಾಯಿ ‘ಬರ್ತೇನೆ’ ಎಂದು ಕಾಲು ನಿಂತೇ ಇದ್ದರೆ ಮಾತು ಮತ್ತೆ ಚಿಗುರುತ್ತದೆ. ನಮ್ಮ ಭಾಷೆಯಲ್ಲಿ ಹೋಗುವವರು ‘ಹೋಗುತ್ತೇನೆ’ ಎನ್ನುವುದಿಲ್ಲವಲ್ಲ. ಆ ಒಂದು ಪದವೇ ಅರ್ಧ ಕೆಲಸ ಮಾಡುತ್ತದೆ.

ಕಾರಣ ಸುಳ್ಳಾಗಿರಬಾರದು ಎಂದು ನಾನು ಹಟ ಹಿಡಿದೆ. ನೀತಿಪಾಠಕ್ಕಾಗಿ ಅಲ್ಲ. ಅರವತ್ತು ಜನರ ಕೋಣೆಯಲ್ಲಿ ಸುಳ್ಳಿನ ಆಯುಷ್ಯ ಐದು ನಿಮಿಷ, ಆಮೇಲೆ ಅದನ್ನು ಕಾಯುವುದೇ ಕೆಲಸ. ನಾಚಿಕೆಯವರು ಮೊದಲೇ ತಮ್ಮನ್ನು ತಾವು ಕಾಯುತ್ತಿರುತ್ತಾರೆ: ಧ್ವನಿ ನಡುಗಿತೇ, ಮುಖ ಕೆಂಪಾಯಿತೇ ಎಂದು. ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1995ರಲ್ಲಿ ಮಂಡಿಸಿದ ಮಾದರಿಯ ತಿರುಳೂ ಅದೇ. ಗಮನ ಒಳಮುಖವಾದಷ್ಟೂ ಆತಂಕ ಹೆಚ್ಚುತ್ತದೆ, ಮೊಬೈಲ್ ನೋಡುವಂಥ ರಕ್ಷಣೆಯ ಉಪಾಯಗಳು ಅದನ್ನು ಉಳಿಸಿಕೊಡುತ್ತವೆ. ಹದಿನಾಲ್ಕು ವಾಕ್ಯಗಳ ಬಾಯಿಪಾಠವೂ ಅಂಥದೇ ಒಂದು ಉಪಾಯ. ಅದನ್ನು ಬರೆಸಿದವಳು ನಾನು.

ಎರಡು ವಾರ ಆಕೆ ಜೆರಾಕ್ಸ್ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎರಡೆರಡು ನಿಮಿಷ ಮಾತಾಡಿ ತಾನಾಗಿ ಮುಗಿಸಿ ಬಂದಳು. ಪ್ರತಿ ಸಲ ಮುಂಚೆ, ‘ಅವರು ಬೇಸರಪಟ್ಟುಕೊಳ್ಳುತ್ತಾರೆ’ ಎಂಬುದನ್ನು ನೂರಕ್ಕೆ ಎಷ್ಟು ನಂಬುತ್ತೇನೆ ಎಂದು ಬರೆಯಬೇಕು, ಆಮೇಲೆ ಕಂಡದ್ದನ್ನು ಬರೆಯಬೇಕು. ಮೊದಲ ದಿನ 80 ಎಂದು ಬರೆದಳು. ಜೆರಾಕ್ಸ್ ಅಂಗಡಿಯವನು ‘ಹೂಂ’ ಎಂದು ಮುಂದಿನ ಕಾಗದ ಹಾಕಿದ ಎಂದು ಅದರ ಕೆಳಗೆ ಬರೆದಿದ್ದಳು.

ಆರಂಭದ ಮಾತಿಗೆ ಒಂದೇ ನಿಯಮ ಇಟ್ಟೆ: ಇಬ್ಬರಿಗೂ ಕಾಣುವ, ಇಬ್ಬರೂ ಹಾದುಬಂದ ಸಂಗತಿ. “ಘಟ್ಟ ಇಳಿದು ಬಂದ್ರಾ? ದೇವಿಮನೆ ರಸ್ತೆ ಹೇಗಿತ್ತು?” ಎಂದರೆ ಶಿರಸಿ-ಕುಮಟಾ ನಡುವೆ ಓಡಾಡಿದ ಯಾರಿಗೂ ಹೇಳಲು ಏನಾದರೂ ಇರುತ್ತದೆ. ಆಮೇಲೆ ಹೊಸ ಪ್ರಶ್ನೆಗೆ ತಡಕಾಡುವುದು ಬೇಡ, ಅವರು ಹೇಳಿದ್ದರ ಬಾಲ ಹಿಡಿದರೆ ಸಾಕು. ರಸ್ತೆಯಿಂದ ಲಾರಿ, ಲಾರಿಯಿಂದ ಸರಕು, ಸರಕಿನಿಂದ ಅವರ ವ್ಯಾಪಾರ. ನಮ್ಮಲ್ಲಿ ಸುಲಭವಾಗಿ ಬಾಯಿಗೆ ಬರುವ ‘ಯಾವ ಊರು, ಯಾರ ಮನೆ?’ ಎಂಬುದನ್ನು ಮಾತ್ರ ಬೇಡವೆಂದೆ. ಆಕೆ ಒಪ್ಪಲಿಲ್ಲ, ಊರು ಕೇಳುವುದರಲ್ಲಿ ತಪ್ಪೇನು ಎಂದಳು. ಊರು ಕೇಳಿ, ಮನೆ ಕೇಳಬೇಡಿ ಎಂದೆ. ಈ ಜಿಲ್ಲೆಯಲ್ಲಿ ಎರಡನೆಯದು ಜಾತಿಯ ಪ್ರಶ್ನೆಯಾಗಿ ಕಿವಿಗೆ ಬೀಳುತ್ತದೆ, ಕೇಳಿದವರ ಮನಸ್ಸಿನಲ್ಲಿ ಅದು ಇರಲಿ ಇಲ್ಲದಿರಲಿ.

ಇದನ್ನೆಲ್ಲ ಕೇಳಿದ ಸಹೋದ್ಯೋಗಿಯೊಬ್ಬರು, “ಇದು ಆಪ್ತಸಲಹೆಯೋ, ಸೇಲ್ಸ್ ತರಬೇತಿಯೋ?” ಎಂದು ಕುಟುಕಿದರು. ಆಕೆಯ ಬಾಲ್ಯವನ್ನು ಕೆದಕಬೇಕಿತ್ತಂತೆ. ಅಗತ್ಯವಿದ್ದರೆ ಕೆದಕುತ್ತೇನೆ. ಆದರೆ ಜಗಲಿಯ ಮೇಲೆ ಬರುವ ವಿದ್ಯೆ ಸಭಾಂಗಣದಲ್ಲಿ ಬಾರದೆ ಹೋದರೆ, ಮೊದಲು ನಡುವಿನ ದಾರಿ ನೋಡಬೇಕು ಎಂದೇ ಈಗಲೂ ನಂಬಿದ್ದೇನೆ.

ಮುಂದಿನ ಕೂಟಕ್ಕೆ ಆಕೆ ನಾಲ್ಕು ಮಾತುಕತೆಯ ಗುರಿ ಇಟ್ಟುಕೊಂಡು ಹೋದಳು. ಮೂರಾದವು. ಎರಡು ಸಲೀಸಾಗಿ ಮುಗಿದವು. ಮೂರನೆಯದರಲ್ಲಿ “ಚಹಾ ತಗೊಂಡು ಬರ್ತೇನೆ” ಎಂದಳು, ಆತ “ನಾನೂ ಬಂದೆ” ಎಂದು ಜೊತೆಗೇ ಹೊರಟರು. ನಿಜವಾದ ಕಾರಣವೇ, ಆದರೆ ಎದುರಿನವರೂ ಪಾಲ್ಗೊಳ್ಳಬಹುದಾದ ಕಾರಣ. ಚಹಾ, ಊಟ, ಹೊರಗಿನ ಗಾಳಿ, ಮೂರರದ್ದೂ ಇದೇ ಕಥೆ. ಆಕೆ ಒಂದು ಕ್ಷಣ ಮೊಬೈಲಿಗೆ ಕೈ ಹಾಕಿ, ಬಿಟ್ಟಳಂತೆ. ಚಹಾದ ಮೇಜಿನ ಬಳಿ ಅದಾಗಲೇ ಮಾತಾಡಿಸಿದ್ದ ಕೋಕಂ ಘಟಕದ ಮಹಿಳೆ ನಿಂತಿದ್ದರು. “ಇವರು ಪ್ಯಾಕಿಂಗ್ ಯಂತ್ರದವರು, ನೀವು ಆಗ ಚೀಲದ ಸೀಲಿನ ಬಗ್ಗೆ ಹೇಳ್ತಿದ್ರಲ್ಲ” ಎಂದು ಇಬ್ಬರನ್ನೂ ಪರಿಚಯಿಸಿ, ಅವರ ಮಾತು ಹತ್ತಿಕೊಂಡ ಮೇಲೆ “ನೀವು ಮಾತಾಡಿ, ಬರ್ತೇನೆ” ಎಂದು ಸರಿದಳು. ಇದನ್ನು ನಾನು ಕಲಿಸಿರಲಿಲ್ಲ. ಮದುವೆಮನೆಯಲ್ಲಿ ಅಮ್ಮ ಹೀಗೇ ಮಾಡುತ್ತಾಳೆ ಎಂದಳು.

ಗುಂಪಿನೊಳಗೆ ಸೇರುವುದು ಇನ್ನೂ ಆಗಿಲ್ಲ. ಇಬ್ಬರು ಎದುರುಬದುರಾಗಿ ನಿಂತಿದ್ದರೆ ಹೋಗಬೇಡಿ, ಭುಜಗಳು ಓರೆಯಾಗಿ ಒಂದು ಕಡೆ ತೆರೆದಿದ್ದರೆ ಅಲ್ಲಿ ಜಾಗವಿದೆ ಎಂದು ಹೇಳಿಕೊಟ್ಟಿದ್ದೇನೆ. ಆಕೆ ಹೋಗಿ ಆ ತೆರೆದ ಕಡೆಯೇ ನಿಲ್ಲುತ್ತಾಳೆ, ಯಾರಾದರೂ ತಿರುಗಿ ನೋಡುವ ಮುನ್ನ ವಾಪಸ್ ಬರುತ್ತಾಳೆ. ಮುಂದಿನ ಭೇಟಿ ಅದಕ್ಕೇ ಇಟ್ಟುಕೊಂಡಿದ್ದೇವೆ.