ಸರ್ವೆ ಮಂಡಿಸಿದವರಿಗೆ ಕೇಳಬೇಕಾದ ಪ್ರಶ್ನೆಗಳು

ಸೆಮಿನಾರಿನಲ್ಲಿ ಸರ್ವೆ ಆಧರಿತ ಅಧ್ಯಯನ ಮಂಡಿಸಿದವರಿಗೆ ಸ್ಯಾಂಪಲ್ ಗಾತ್ರ, ಆಯ್ಕೆಯ ಪಕ್ಷಪಾತದ ಬಗ್ಗೆ ಪ್ರಶ್ನೆ ಹೇಗೆ ಕೇಳುವುದು?

"ಸ್ಯಾಂಪಲ್ ಚಿಕ್ಕದಲ್ಲವೇ?" ಎಂದು ಕೇಳಿದರೆ "ಹೌದು, ಅದೊಂದು ಮಿತಿ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಉತ್ತರವಾಗಿ ಒಂದು ಸಂಖ್ಯೆ ಇಲ್ಲವೇ ಒಂದು ಕಾರಣ ಬರುವಂತೆ ಕೇಳಿ.

ಹೀಗೊಂದು ಸರ್ವೆ ಇದೆ ಎಂದುಕೊಳ್ಳಿ: ಕಾಲೇಜಿನ 2000 ವಿದ್ಯಾರ್ಥಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಗೂಗಲ್ ಫಾರ್ಮ್ ಹೋಗಿದೆ, 400 ಮಂದಿ ತುಂಬಿದ್ದಾರೆ, ಅವರಲ್ಲಿ 248 ಮಂದಿ (ಶೇ. 62) ಆನ್‌ಲೈನ್ ತರಗತಿ ಬೇಕೆಂದಿದ್ದಾರೆ. ಇಲ್ಲಿ ಮೊದಲ ಪ್ರಶ್ನೆ ತುಂಬದವರ ಬಗ್ಗೆ ಇರಲಿ: "ಉಳಿದ 1600 ಮಂದಿ ಯಾರು? ಅವರ ಅಭಿಪ್ರಾಯ ಯಾವ ಕಡೆಗೆ ವಾಲಿರಬಹುದು?" ಅವರೆಲ್ಲ ಬೇಡವೆಂದಿದ್ದರೆ ಫಲಿತಾಂಶ ಶೇ. 12.4, ಬೇಕೆಂದಿದ್ದರೆ ಶೇ. 92.4. ಈ ಎರಡು ತುದಿಗಳು ನಿಜವಾಗುವುದು ಅಪರೂಪ. ಆದರೆ ನೆಟ್‌ವರ್ಕ್ ಸಿಗದವರು ಫಾರ್ಮನ್ನೂ ತುಂಬುವುದಿಲ್ಲ, ಆನ್‌ಲೈನ್ ತರಗತಿಯನ್ನೂ ಬಯಸುವುದಿಲ್ಲ. ಹಾಗಾಗಿ 62 ಹಿಗ್ಗಿದ ಅಂಕಿ ಎಂಬ ಅನುಮಾನಕ್ಕೆ ಆಧಾರವಿದೆ.

"ಇನ್ನಷ್ಟು ಜನರನ್ನು ಕೇಳುತ್ತೇವೆ" ಎಂಬ ಉತ್ತರವನ್ನು ಒಪ್ಪಬೇಡಿ, ಆಯ್ಕೆಯಲ್ಲೇ ಪಕ್ಷಪಾತವಿದ್ದರೆ ಗಾತ್ರ ಹೆಚ್ಚಿಸಿದರೂ ಅದು ಹೋಗುವುದಿಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿಯೂ ಅಧ್ಯಕ್ಷೀಯ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆಂದಿತು, ಗೆದ್ದದ್ದು ರೂಸ್‌ವೆಲ್ಟ್.

ಗಾತ್ರದ ಪ್ರಶ್ನೆಯನ್ನು ಉಪಗುಂಪಿನ ಮೇಲೆ ಇಡಿ: "ಹಾಸ್ಟೆಲ್‌ನವರ ಅಂಕಿ ಎಷ್ಟು ಜನರಿಂದ ಬಂತು?" ದೋಷದ ಅಂತರ ಸುಮಾರು 1/√n. 400 ಜನರಿಗೆ ±5 ಶೇಕಡಾಂಶವಾದರೆ, 25 ಜನರಿಗೆ ±20. ಈ ಲೆಕ್ಕವೂ ಯಾದೃಚ್ಛಿಕವಾಗಿ ಆರಿಸಿದ ಸ್ಯಾಂಪಲ್‌ಗೆ ಮಾತ್ರ. ಲಿಂಕ್ ಹಂಚಿ ಪಡೆದ ಉತ್ತರಗಳಿಗೆ ಯಾರಾದರೂ ±5 ಎಂದು ತೋರಿಸಿದರೆ, "ಆಯ್ಕೆ ಯಾದೃಚ್ಛಿಕವಾಗಿತ್ತೇ?" ಎಂದು ಅಲ್ಲೇ ಕೇಳಿ.