ಕ್ಯಾಮೆರಾದಲ್ಲಿ ಸಿಕ್ಕಿಕೊಂಡ ಮುರಿದ ಎಸ್‌ಡಿ ಕಾರ್ಡ್

ಪ್ರಶ್ನೆ: ಬೇಲೂರಿಗೆ ಹೋದಾಗ ಕ್ಯಾಮೆರಾದೊಳಗೆ ಎಸ್‌ಡಿ ಕಾರ್ಡ್ ಸಿಕ್ಕಿಕೊಂಡಿತು. ಎಳೆದರೆ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತಿದೆ. ಹೇಗೆ ತೆಗೆಯಲಿ?

ಉತ್ತರ: ಎಳೆಯುವುದನ್ನು ನಿಲ್ಲಿಸಿ. ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಕಾರ್ಡನ್ನು ಒಳಕ್ಕೆ ಒತ್ತಿ.

ವಿಚಿತ್ರ ಅನ್ನಿಸಬಹುದು. ಆದರೆ ಸಾಮಾನ್ಯವಾಗಿ ಸ್ಲಾಟಿನೊಳಗೆ ಒಂದು ಸ್ಪ್ರಿಂಗ್ ಕೊಕ್ಕೆ ಇರುತ್ತದೆ. ಕಾರ್ಡನ್ನು ಇನ್ನಷ್ಟು ಒತ್ತಿದರೆ ಮಾತ್ರ ಅದು ಬಿಡುತ್ತದೆ, 'ಟಕ್' ಎಂದು ಕೇಳಿಸುತ್ತದೆ. ಕೊಕ್ಕೆ ಹಿಡಿದಿರುವಾಗ ಎಳೆದರೆ ಕಾರ್ಡಿನ ಅಂಟಿಸಿದ ಎರಡು ಪ್ಲಾಸ್ಟಿಕ್ ಪದರಗಳು ಬೇರಾಗುತ್ತವೆ. ನಿಮಗೂ ಹಾಗೇ ಆಗಿರಬೇಕು.

ಕೊಕ್ಕೆ ಬಿಟ್ಟರೂ ಬಾರದಿದ್ದರೆ, ಬಿಚ್ಚಿಕೊಂಡ ಅಂಚು ಸ್ಲಾಟಿನ ಗೋಡೆಗೆ ತಗುಲಿದೆ ಎಂದರ್ಥ. ಹಳೆಯ ಎಕ್ಸ್‌ರೇ ಫಿಲ್ಮಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಲೇಬಲ್ ಇರುವ ಬದಿಯಿಂದ ಮೆಲ್ಲಗೆ ತೂರಿಸಿ. ಅಂಚು ಅಮುಕಿಕೊಂಡ ಮೇಲೆ ಚಪ್ಪಟೆ ಚಿಮಟದಿಂದ ನೇರವಾಗಿ ಎಳೆಯಿರಿ, ಅಲ್ಲಾಡಿಸಬೇಡಿ. ಲೇಬಲ್ ಇಲ್ಲದ ಬದಿಗೆ ಏನನ್ನೂ ತೂರಿಸಬೇಡಿ: ಕ್ಯಾಮೆರಾದ ಕೂದಲಿನಂಥ ಲೋಹದ ಪಿನ್ನುಗಳು ಅಲ್ಲೇ ಇವೆ. ಫೆವಿಕ್ವಿಕ್ ಹಚ್ಚಿ ಎಳೆಯುವ ಸಲಹೆ ಕೊಡುವವರಿದ್ದಾರೆ. ಅಂಟು ಪಿನ್ನಿಗೆ ಹರಿದರೆ ಸ್ಲಾಟೇ ಹೋಯಿತು.

ಹಾಸನದ ಗೆಳೆಯನೊಬ್ಬನ ಕಾರ್ಡ್ ಹೀಗೇ ಹೊರಬಂತು, ಆದರೆ ಹೊಸ ಕಾರ್ಡಿಗೂ ಕ್ಯಾಮೆರಾ ದೋಷ ತೋರಿಸಿತು. ಟಾರ್ಚ್ ಹಿಡಿದು ನೋಡಿದರೆ ಒಂದು ಪಿನ್ ಮಾತ್ರ ಬಾಗಿತ್ತು. ನೀವೂ ಮೊದಲು ನೋಡಿ, ಪಿನ್ನುಗಳೆಲ್ಲ ಬಾಗದೆ ನೇರವಾಗಿದ್ದರಷ್ಟೇ ಬೇರೆ ಕಾರ್ಡ್ ಹಾಕಿ. ಬಾಗಿದ್ದರೆ ರಿಪೇರಿಯವರಿಗೆ ಬಿಡಿ.

ಮುರಿದ ಕಾರ್ಡನ್ನು ಎಸೆಯಬೇಡಿ. ಹೊರಗಿನದು ಬರೀ ಕವಚ; ಒಳಗಿನ ಹಸಿರು ಅಥವಾ ಕಪ್ಪು ಹಲಗೆ ಬಿರುಕು ಬಿಡದಿದ್ದರೆ ಫೋಟೊಗಳು ಸಿಗುವ ಸಾಧ್ಯತೆ ಇದೆ.